ಒಂದೆರಡು ಅಕ್ಷರಕ್ಕೆ ತಡೆದು ನಿಂತ ಪಿಂಚಣಿ

ವಿಧವಾ ವೇತನದ ಮಂಜೂರಾತಿ ಆದೇಶ ಕೈಗೆ ಬಂದು ತಿಂಗಳುಗಳೇ ಕಳೆದಿರುತ್ತವೆ. ಖಾತೆಗೆ ಮಾತ್ರ ಒಂದು ರೂಪಾಯಿಯೂ ಬಿದ್ದಿರುವುದಿಲ್ಲ. ನಾಡಕಚೇರಿಯಲ್ಲಿ ಕೇಳಿದರೆ "ನಮ್ಮಿಂದ ಎಲ್ಲ ಆಗಿದೆ, ಬ್ಯಾಂಕಿನಲ್ಲಿ ವಿಚಾರಿಸಿ" ಎನ್ನುತ್ತಾರೆ. ಬ್ಯಾಂಕಿನಲ್ಲಿ ಕೇಳಿದರೆ "ನಮಗೆ ಹಣವೇ ಬಂದಿಲ್ಲ, ತಾಲ್ಲೂಕು ಕಚೇರಿಗೆ ಹೋಗಿ" ಎನ್ನುತ್ತಾರೆ. ಇಬ್ಬರ ಮಾತೂ ಸುಳ್ಳಲ್ಲ. ಪಿಂಚಣಿ ಮಂಜೂರಾಗಿದೆ, ಆದರೆ ಹಣ ಖಾತೆ ಮುಟ್ಟುವ ದಾರಿ ನಡುವೆ ಎಲ್ಲೋ ಮುಚ್ಚಿದೆ. ಹೀಗೆ ಮುಚ್ಚಲು ಆಗಾಗ ಸಿಗುವ ಕಾರಣ ಒಂದೇ: ಆಧಾರ್‌ನಲ್ಲಿರುವ ಹೆಸರಿಗೂ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರಿಗೂ ಒಂದೆರಡು ಇಂಗ್ಲಿಷ್ ಅಕ್ಷರಗಳ ವ್ಯತ್ಯಾಸ.

ಕರ್ನಾಟಕದಲ್ಲಿ ವಿಧವಾ ವೇತನ ತಿಂಗಳಿಗೆ 800 ರೂಪಾಯಿ, ಸಂಧ್ಯಾ ಸುರಕ್ಷಾ 1,200 ರೂಪಾಯಿ ಎಂದು 2021ರಲ್ಲಿ ಏರಿಕೆಯಾಯಿತು. ಮಾತ್ರೆ, ಅಕ್ಕಿ, ಬಸ್ ಚಾರ್ಜಿಗೆ ಇದನ್ನೇ ನೆಚ್ಚಿಕೊಂಡವರಿಗೆ ಇದು ಸಣ್ಣ ಮೊತ್ತವಲ್ಲ. ಹೆಸರು ತಿದ್ದಿಸುವುದು ಬಹಳ ಕಷ್ಟದ ಕೆಲಸವೂ ಅಲ್ಲ. ಆದರೆ ಯಾವ ದಾಖಲೆಯನ್ನು ತಿದ್ದಬೇಕು, ಬ್ಯಾಂಕಿನವರನ್ನು ಏನೆಂದು ಕೇಳಬೇಕು, ತಿದ್ದಿದ ಮೇಲೆ ಇನ್ನೇನು ಉಳಿದಿದೆ ಎಂಬುದು ಗೊತ್ತಿಲ್ಲದಿದ್ದರೆ ಅಲೆದಾಟ ತಪ್ಪುವುದಿಲ್ಲ.

ವ್ಯತ್ಯಾಸ ಹುಟ್ಟುವ ಬಗೆ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಗೌರಮ್ಮ ಎಂಬುವರಿದ್ದಾರೆ. ಅವರ ಆಧಾರ್ ಕಾರ್ಡಿನಲ್ಲಿ GOWRAMMA ಎಂದಿದೆ. ಮತದಾರರ ಚೀಟಿಯಲ್ಲೂ ಹಾಗೆಯೇ ಇದೆ. ಪಿಂಚಣಿ ಅರ್ಜಿಗೆ ಆಧಾರ್‌ನಿಂದಲೇ ಹೆಸರು ತೆಗೆದುಕೊಂಡಿದ್ದರಿಂದ ಮಂಜೂರಾತಿ ಆದೇಶದಲ್ಲೂ GOWRAMMA ಎಂದೇ ಇದೆ. ಆದರೆ ಬ್ಯಾಂಕ್ ಖಾತೆ ಹಳೆಯದು. ಲೆಡ್ಜರ್ ಪುಸ್ತಕದ ಕಾಲದಲ್ಲಿ ತೆರೆದದ್ದು, ಮುಂದೆ ಅಲ್ಲಿಂದ ಕಂಪ್ಯೂಟರಿಗೆ ಏರಿಸಿದ್ದು. ಅದರಲ್ಲಿ GOURAMMA KOM NINGEGOWDA ಎಂದಿದೆ.

ಇಲ್ಲಿ ಎರಡು ವ್ಯತ್ಯಾಸಗಳಿವೆ. ಮೊದಲನೆಯದು ಕಾಗುಣಿತದ್ದು. ಕನ್ನಡದಲ್ಲಿ 'ಗೌ' ಎಂದು ಒಂದೇ ಬಗೆಯಲ್ಲಿ ಬರೆಯುವುದನ್ನು ಇಂಗ್ಲಿಷಿನಲ್ಲಿ GOW, GOU, GAU ಎಂದು ಮೂರು ಬಗೆಯಲ್ಲಿ ಬರೆಯುತ್ತಾರೆ. ಯಾವ ಗುಮಾಸ್ತರಿಗೆ ಯಾವುದು ರೂಢಿಯೋ ಅದು ದಾಖಲೆಯಾಗುತ್ತದೆ. ಎರಡನೆಯದು, ಗಂಡನ ಹೆಸರಿಗೆಂದು ಬೇರೆ ಜಾಗವಿದ್ದರೂ 'ಕೋಂ' ಸಮೇತ ಆ ಹೆಸರು ಖಾತೆದಾರರ ಹೆಸರಿಗೇ ಅಂಟಿಕೊಂಡಿದೆ. ಹಳೇ ಮೈಸೂರು ಕಡೆಯ ಪಾಸ್‌ಬುಕ್‌ಗಳಲ್ಲಿ ಗಂಡಸರ ಹೆಸರಿನ ಜೊತೆ 'ಬಿನ್' ಸೇರಿಕೊಳ್ಳುವುದೂ ಹೀಗೆಯೇ. ಓದಿದ ಮನುಷ್ಯರಿಗೆ ಇವರೇ ಅವರು ಎಂದು ತಿಳಿಯುತ್ತದೆ. ಅಕ್ಷರಕ್ಕೆ ಅಕ್ಷರ ಇಟ್ಟು ಹೋಲಿಸುವ ಗಣಕಕ್ಕೆ ಇವರು ಬೇರೆ, ಅವರು ಬೇರೆ.

ಊರಿನ ಅಥವಾ ತಂದೆಯ ಇನಿಷಿಯಲ್ ಒಂದು ಕಡೆ ಹೆಸರಿನ ಮುಂದೆ, ಇನ್ನೊಂದು ಕಡೆ ಹಿಂದೆ ಇರುವುದು, 'ಶ್ರೀಮತಿ' ಎಂಬುದೂ ಹೆಸರಿನ ಭಾಗವಾಗಿ ದಾಖಲಾಗಿರುವುದು, ಉದ್ದ ಹೆಸರಿನ ಕೊನೆ ಕತ್ತರಿಸಿ ಹೋಗಿರುವುದು, ಇವೂ ಸಾಮಾನ್ಯ. ಇವುಗಳಲ್ಲಿ ಹೆಚ್ಚಿನವು ಖಾತೆದಾರರು ಮಾಡಿದ ತಪ್ಪುಗಳಲ್ಲ. ಕೌಂಟರಿನ ಆಚೆ ಬದಿಯಲ್ಲಿ ಬರೆದವರಿಂದ ಆದವು. ಬ್ಯಾಂಕಿಗೆ ಹೋಗುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಂಕೋಚಪಡುವ ಕಾರಣವಿರುವುದಿಲ್ಲ. ಕೇಳುತ್ತಿರುವುದು ಉಪಕಾರವಲ್ಲ, ದಾಖಲೆಯ ತಿದ್ದುಪಡಿ.

ಹಣ ಎಲ್ಲಿ ತಡೆದಿದೆ ಎಂದು ತಿಳಿಯುವುದು

ಸರ್ಕಾರದ ಹಣ ಫಲಾನುಭವಿಯನ್ನು ಮುಟ್ಟಲು ಎರಡು ದಾರಿಗಳಿವೆ. ಹೆಸರಿನ ವ್ಯತ್ಯಾಸ ಒಂದೊಂದು ದಾರಿಯಲ್ಲಿ ಒಂದೊಂದು ಜಾಗದಲ್ಲಿ ಅಡ್ಡ ಬರುತ್ತದೆ.

ಮೊದಲನೆಯದು ಆಧಾರ್ ಮೂಲಕ ಪಾವತಿ. ಇದರಲ್ಲಿ ಸರ್ಕಾರ ಕಳಿಸುವುದು ಆಧಾರ್ ಸಂಖ್ಯೆಗೆ, ಖಾತೆ ಸಂಖ್ಯೆಗೆ ಅಲ್ಲ. ಯಾವ ಆಧಾರ್ ಯಾವ ಬ್ಯಾಂಕಿಗೆ ಸೇರಿದ್ದು ಎಂಬ ಪಟ್ಟಿಯನ್ನು ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ, ಇಟ್ಟುಕೊಂಡಿದೆ. ಹಣ ಆ ಪಟ್ಟಿಯಲ್ಲಿರುವ ಬ್ಯಾಂಕಿಗೆ ಹೋಗುತ್ತದೆ. ಹಣ ಹೋಗುವ ಹೊತ್ತಿನಲ್ಲಿ ಹೆಸರನ್ನು ನೋಡುವುದಿಲ್ಲ. ಹೆಸರು ಅಡ್ಡ ಬರುವುದು ಅದಕ್ಕೂ ಮೊದಲು, ಬ್ಯಾಂಕು ಆಧಾರನ್ನು ಖಾತೆಗೆ ಜೋಡಿಸುವಾಗ. ಬೆರಳಚ್ಚು ಕೊಟ್ಟಾಗ ಆಧಾರ್‌ನಿಂದ GOWRAMMA ಎಂದು ಬರುತ್ತದೆ, ಬ್ಯಾಂಕಿನಲ್ಲಿ GOURAMMA KOM NINGEGOWDA ಎಂದಿದೆ. ಹೊಂದಿಕೆಯಾಗದ ಕಾರಣ ಜೋಡಣೆ ಅರ್ಧಕ್ಕೇ ನಿಲ್ಲುತ್ತದೆ. ಎನ್‌ಪಿಸಿಐ ಪಟ್ಟಿಗೆ ಅವರ ಹೆಸರು ಹೋಗುವುದೇ ಇಲ್ಲ.

ಎರಡನೆಯದು ಖಾತೆ ಸಂಖ್ಯೆಗೆ ನೇರ ಪಾವತಿ. ಇಂಥ ಪಾವತಿಗಳಲ್ಲಿ ಹಣ ಕಳಿಸುವ ಮುನ್ನ ಖಾತೆ ಸಂಖ್ಯೆಯನ್ನೂ ಹೆಸರನ್ನೂ ಬ್ಯಾಂಕಿಗೆ ಕಳಿಸಿ ತಾಳೆ ನೋಡುವ ಪದ್ಧತಿ ಇದೆ. ಕೇಂದ್ರ ಸರ್ಕಾರದ ಪಿಎಫ್‌ಎಂಎಸ್ ವ್ಯವಸ್ಥೆ ಹೀಗೆಯೇ ಕೆಲಸ ಮಾಡುತ್ತದೆ. ಹೆಸರು ಹೊಂದದಿದ್ದರೆ ಫಲಾನುಭವಿಯ ಖಾತೆಯೇ ತಿರಸ್ಕೃತವಾಗುತ್ತದೆ.

ಆದ್ದರಿಂದ ಬ್ಯಾಂಕಿಗೆ ಹೊರಡುವ ಮೊದಲು ನಾಡಕಚೇರಿಯಲ್ಲಿ ಕೇಳಬೇಕಾದ ಪ್ರಶ್ನೆ "ಹಣ ಯಾಕೆ ಬಂದಿಲ್ಲ?" ಎಂಬುದಲ್ಲ. "ಪಾವತಿಯ ಸ್ಥಿತಿಯಲ್ಲಿ ಏನು ಕಾರಣ ತೋರಿಸುತ್ತಿದೆ? ದಯವಿಟ್ಟು ಚೀಟಿಯಲ್ಲಿ ಬರೆದುಕೊಡಿ" ಎಂದು ಕೇಳಬೇಕು. ಆಧಾರ್ ಜೋಡಣೆಯಾಗಿಲ್ಲ ಎಂದು ಬರೆದಿದ್ದರೆ ಮೊದಲ ದಾರಿಯಲ್ಲಿ ತಡೆಯಾಗಿದೆ. ಹೆಸರು ಹೊಂದಿಕೆಯಾಗಿಲ್ಲ ಎಂದು ಬರೆದಿದ್ದರೆ ಎರಡನೆಯ ದಾರಿಯಲ್ಲಿ. ಮೊದಲ ದಾರಿಯ ಸ್ಥಿತಿಯನ್ನು ನಾವೇ ನೋಡಿಕೊಳ್ಳಲೂ ಬಹುದು. myaadhaar.uidai.gov.in ತಾಣದಲ್ಲಿ Bank Seeding Status ಎಂಬ ಭಾಗವಿದೆ. ಆಧಾರ್‌ಗೆ ಸೇರಿಸಿದ ಮೊಬೈಲಿಗೆ ಬರುವ ಒಟಿಪಿ ಕೊಟ್ಟರೆ ಯಾವ ಬ್ಯಾಂಕು ಜೋಡಣೆಯಾಗಿದೆ, ಅದು ಚಾಲ್ತಿಯಲ್ಲಿದೆಯೇ ಎಂದು ತೋರಿಸುತ್ತದೆ.

ಕೆಲವೊಮ್ಮೆ ಅಲ್ಲಿ ನಾವು ಎಣಿಸದ ಬೇರೊಂದು ಬ್ಯಾಂಕಿನ ಹೆಸರು ಕಾಣುತ್ತದೆ. ಸಾಲಕ್ಕೋ ಗ್ಯಾಸ್ ಸಬ್ಸಿಡಿಗೋ ತೆರೆದು ಮರೆತ ಖಾತೆ ಅದು. ಎನ್‌ಪಿಸಿಐ ಪಟ್ಟಿಯಲ್ಲಿ ಕೊನೆಗೆ ಜೋಡಣೆಯಾದ ಬ್ಯಾಂಕಿಗೇ ಹಣ ಹೋಗುತ್ತದೆ. ಹಾಗಿದ್ದಲ್ಲಿ ಮೊದಲು ಆ ಖಾತೆಯ ಪಾಸ್‌ಬುಕ್ ತುಂಬಿಸಿ ನೋಡಬೇಕು. ಪಿಂಚಣಿ ಅಲ್ಲಿ ಬಂದು ಕೂತಿರಬಹುದು.

ಯಾವ ದಾಖಲೆ ತಿದ್ದಬೇಕು?

ಎಲ್ಲ ದಾಖಲೆಗಳನ್ನೂ ಒಟ್ಟಿಗೆ ತಿದ್ದಿಸಲು ಹೊರಡುವವರಿದ್ದಾರೆ. ಅದರಿಂದ ಹೊಸ ಗೋಜಲು ಹುಟ್ಟುತ್ತದೆ. ಒಂದು ಹಾಳೆಯಲ್ಲಿ ಆಧಾರ್, ಮತದಾರರ ಚೀಟಿ, ಮಂಜೂರಾತಿ ಆದೇಶ, ಪಾಸ್‌ಬುಕ್ ನಾಲ್ಕರಲ್ಲಿರುವ ಹೆಸರನ್ನೂ ಇದ್ದ ಹಾಗೆಯೇ, ಚುಕ್ಕೆ, ಜಾಗ, ಇನಿಷಿಯಲ್ ಬಿಡದೆ, ಒಂದರ ಕೆಳಗೊಂದು ಬರೆದುಕೊಳ್ಳಿ. ಯಾವುದು ಉಳಿದವುಗಳಿಂದ ಬೇರೆಯಾಗಿದೆಯೋ ಅದನ್ನೊಂದನ್ನೇ ತಿದ್ದಿಸಬೇಕು.

ಗೌರಮ್ಮನವರ ಹಾಳೆಯಲ್ಲಿ ಬೇರೆಯಾಗಿ ನಿಲ್ಲುವುದು ಪಾಸ್‌ಬುಕ್. ಹಾಗಾಗಿ ಬ್ಯಾಂಕಿನಲ್ಲಿ ಮಾತ್ರ ತಿದ್ದುಪಡಿ ಸಾಕು. "ಆಧಾರ್‌ನಲ್ಲೇ ಬದಲಾಯಿಸಿಕೊಂಡು ಬನ್ನಿ" ಎಂದು ಯಾರಾದರೂ ಹೇಳಿದರೆ ಒಪ್ಪಬಾರದು. ಆಧಾರ್‌ನಲ್ಲಿ ಹೆಸರು ತಿದ್ದಲು ಸಾಮಾನ್ಯವಾಗಿ ಜೀವಮಾನದಲ್ಲಿ ಎರಡೇ ಅವಕಾಶ. ಮೇಲಾಗಿ ಆಧಾರ್ ಬದಲಾದರೆ ಅದರಿಂದ ಹೆಸರು ಪಡೆದ ಮಂಜೂರಾತಿ ಆದೇಶ ಬೇರೆಯಾಗಿಬಿಡುತ್ತದೆ. ಆಧಾರ್ ಒಂದರಲ್ಲೇ ತಪ್ಪಿದ್ದು ಉಳಿದೆಲ್ಲವೂ ಸರಿಯಾಗಿದ್ದಾಗ ಮಾತ್ರ ಆಧಾರ್ ಕೇಂದ್ರಕ್ಕೆ ಹೋಗುವುದು ಸರಿ.

ಸರ್ಕಾರಿ ನೌಕರರ ಕುಟುಂಬ ಪಿಂಚಣಿಯಲ್ಲಿ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಆಧಾರವಾಗುವುದು ಪಿಂಚಣಿ ಪಾವತಿ ಆದೇಶ, ಅಂದರೆ ಪಿಪಿಒ. ಗಂಡ ನಿವೃತ್ತರಾದಾಗ ಹೆಂಡತಿಯ ಹೆಸರನ್ನು ಅದರಲ್ಲಿ ಹೇಗೆ ಬರೆದಿದ್ದರೋ, ಅವರು ತೀರಿಕೊಂಡ ಮೇಲೆ ಬ್ಯಾಂಕು ಅದಕ್ಕೇ ತಾಳೆ ನೋಡುತ್ತದೆ. ಪಿಪಿಒ ಸರಿಯಿದ್ದು ಖಾತೆಯಲ್ಲಿ ತಪ್ಪಿದ್ದರೆ ಬ್ಯಾಂಕು ತಿದ್ದುತ್ತದೆ. ಪಿಪಿಒದಲ್ಲೇ ತಪ್ಪಿದ್ದರೆ ಅದನ್ನು ಮುಟ್ಟುವ ಅಧಿಕಾರ ಬ್ಯಾಂಕಿಗಿಲ್ಲ. ರಾಜ್ಯ ಸರ್ಕಾರದ ನೌಕರರಾಗಿದ್ದರೆ ಅವರು ಕೊನೆಗೆ ಕೆಲಸ ಮಾಡಿದ ಕಚೇರಿಯ ಮೂಲಕ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಅರ್ಜಿ ಹೋಗಬೇಕು. ಬ್ಯಾಂಕಿನ ಕೌಂಟರಿನಲ್ಲಿ ಎಷ್ಟು ವಾದಿಸಿದರೂ ಈ ಕೆಲಸ ಅಲ್ಲಿ ಆಗುವುದಿಲ್ಲ.

ಅರ್ಜಿಯಲ್ಲಿ ಏನಿರಬೇಕು?

ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಖಾತೆಯಿರುವ ಮೂಲ ಶಾಖೆಗೇ ಹೋಗಿ ಲಿಖಿತ ಅರ್ಜಿ ಕೊಡುವುದು ಒಳ್ಳೆಯದು. ಊರಿನ ಬ್ಯಾಂಕ್ ಮಿತ್ರರು ಹಣ ಕೊಡಬಹುದು, ಕಟ್ಟಿಸಿಕೊಳ್ಳಬಹುದು. ಹೆಸರು ತಿದ್ದುವುದು ಶಾಖೆಯ ಕೆಲಸ.

ಶಾಖೆಯಲ್ಲಿ ಹಲವರು ಎಡವುವುದು ಒಂದು ಮಾತಿನಲ್ಲಿ. "ಹೆಸರು ಬದಲಾಯಿಸಬೇಕಿತ್ತು" ಎಂದು ಕೇಳಿದರೆ ಗುಮಾಸ್ತರು ಗೆಜೆಟ್ ಪ್ರಕಟಣೆ ಅಥವಾ ಮದುವೆ ನೋಂದಣಿ ಪತ್ರ ತನ್ನಿ ಎನ್ನುತ್ತಾರೆ. ಅದು ಅವರ ಮೊಂಡುತನವಲ್ಲ. ಗುರುತಿನ ದಾಖಲೆ ಕೊಟ್ಟ ನಂತರ ಹೆಸರೇ ಬದಲಾಗಿದ್ದರೆ ಈ ಎರಡರಲ್ಲೊಂದು ಇರಬೇಕು ಎಂದು ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮವೇ ಹೇಳುತ್ತದೆ. ಆದರೆ ಗೌರಮ್ಮನವರು ಹೆಸರು ಬದಲಾಯಿಸಿಕೊಂಡಿಲ್ಲ. ಅವರ ಗುರುತಿನ ದಾಖಲೆಯಲ್ಲಿ ಹೆಸರು ಮೊದಲಿನಿಂದಲೂ ಸರಿಯಾಗಿಯೇ ಇದೆ. ಬ್ಯಾಂಕಿನ ದಾಖಲೆಯನ್ನು ಅದಕ್ಕೆ ಸರಿಹೊಂದಿಸಬೇಕು, ಅಷ್ಟೇ. ಇದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ಅರ್ಜಿ ಹೀಗಿರಬಹುದು:

> ಇವರಿಗೆ,
> ಶಾಖಾ ವ್ಯವಸ್ಥಾಪಕರು,
> (ಬ್ಯಾಂಕು, ಶಾಖೆ)
>
> ವಿಷಯ: ಉಳಿತಾಯ ಖಾತೆ ಸಂಖ್ಯೆ ............ ರಲ್ಲಿ ಹೆಸರಿನ ಕಾಗುಣಿತ ಸರಿಪಡಿಸುವುದು ಮತ್ತು ಆಧಾರ್ ಜೋಡಣೆ ಮಾಡುವುದು.
>
> ಮಾನ್ಯರೇ,
>
> ಮೇಲಿನ ಖಾತೆ ನನ್ನದು. ಖಾತೆಯಲ್ಲಿ ನನ್ನ ಹೆಸರು GOURAMMA KOM NINGEGOWDA ಎಂದು ದಾಖಲಾಗಿದೆ. ನನ್ನ ಆಧಾರ್, ಮತದಾರರ ಗುರುತಿನ ಚೀಟಿ ಮತ್ತು ವಿಧವಾ ವೇತನ ಮಂಜೂರಾತಿ ಆದೇಶ ಮೂರರಲ್ಲೂ GOWRAMMA ಎಂದಿದೆ. ಈ ವ್ಯತ್ಯಾಸದಿಂದ ಆಧಾರ್ ಜೋಡಣೆ ಆಗದೆ ನನ್ನ ಪಿಂಚಣಿ ಜಮೆಯಾಗುತ್ತಿಲ್ಲ.
>
> ನಾನು ಹೆಸರು ಬದಲಾಯಿಸಿಕೊಂಡಿಲ್ಲ. ಎರಡೂ ಹೆಸರು ನನ್ನವೇ. ದಯವಿಟ್ಟು
> 1. ಗ್ರಾಹಕ ದಾಖಲೆಯಲ್ಲೂ ಖಾತೆಯಲ್ಲೂ ನನ್ನ ಹೆಸರನ್ನು GOWRAMMA ಎಂದು ತಿದ್ದಿ,
> 2. NINGEGOWDA ಎಂಬುದನ್ನು ಗಂಡನ ಹೆಸರಿನ ಜಾಗದಲ್ಲಿ ನಮೂದಿಸಿ,
> 3. ನೇರ ಹಣ ವರ್ಗಾವಣೆ ಪಡೆಯಲು ಈ ಖಾತೆಯನ್ನು ನನ್ನ ಆಧಾರ್‌ನೊಂದಿಗೆ ಎನ್‌ಪಿಸಿಐನಲ್ಲಿ ಜೋಡಿಸಿ.
>
> ಆಧಾರ್, ಮತದಾರರ ಚೀಟಿ, ಮಂಜೂರಾತಿ ಆದೇಶ ಮತ್ತು ಪಾಸ್‌ಬುಕ್ ಮೊದಲ ಪುಟದ ಪ್ರತಿಗಳನ್ನು ಲಗತ್ತಿಸಿದ್ದೇನೆ. ಮೂಲ ದಾಖಲೆಗಳನ್ನು ಪರಿಶೀಲನೆಗೆ ತಂದಿದ್ದೇನೆ.
>
> ಸಹಿ / ಹೆಬ್ಬೆಟ್ಟಿನ ಗುರುತು, ದಿನಾಂಕ, ಮೊಬೈಲ್ ಸಂಖ್ಯೆ

ಎರಡು ಪ್ರತಿ ಮಾಡಿಕೊಂಡು ಹೋಗಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಮುಂದೆ ದೂರು ಕೊಡುವ ಪ್ರಸಂಗ ಬಂದರೆ ಆ ದಿನಾಂಕವೇ ಆಧಾರ.

ದಾಖಲೆಗಳ ವಿಷಯದಲ್ಲಿ ಒಂದು ತಿಳಿದಿರಲಿ. ಆಧಾರ್, ಮತದಾರರ ಚೀಟಿ, ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಅಧಿಕಾರಿಯ ಸಹಿಯಿರುವ ನರೇಗಾ ಜಾಬ್ ಕಾರ್ಡ್, ಇವು ಕೆವೈಸಿ ನಿಯಮ ಅಧಿಕೃತವೆಂದು ಒಪ್ಪುವ ಗುರುತಿನ ದಾಖಲೆಗಳು. ಪಡಿತರ ಚೀಟಿ ಆ ಪಟ್ಟಿಯಲ್ಲಿಲ್ಲ. ಪೂರಕವಾಗಿ ಕೊಡಬಹುದು, ಅದೊಂದನ್ನೇ ನಂಬಿ ಹೋಗಬಾರದು. ವ್ಯತ್ಯಾಸ ದೊಡ್ಡದಾಗಿದ್ದರೆ, ಉದಾಹರಣೆಗೆ ಒಂದರಲ್ಲಿ ಗೌರಮ್ಮ ಎಂದೂ ಇನ್ನೊಂದರಲ್ಲಿ ಮನೆಯಲ್ಲಿ ಕರೆಯುವ ಪುಟ್ಟಮ್ಮ ಎಂದೂ ಇದ್ದರೆ, ಎರಡೂ ಹೆಸರಿನವರು ಒಬ್ಬರೇ ಎಂದು ನೋಟರಿ ಮುಂದೆ ಮಾಡಿದ ಅಫಿಡವಿಟ್ಟನ್ನು ಬ್ಯಾಂಕು ಕೇಳಬಹುದು. ಆಗ ಮಾಡಿಸಿ. ಕೇಳುವ ಮೊದಲೇ ಛಾಪಾ ಕಾಗದಕ್ಕೆ, ನೋಟರಿಗೆ ಖರ್ಚು ಮಾಡಬೇಕಾಗಿಲ್ಲ.

ಪಾಸ್‌ಬುಕ್ ತಿದ್ದಿದರೂ ಹಣ ಬಾರದಿದ್ದರೆ

ಬ್ಯಾಂಕಿನವರು ಹೆಸರು ತಿದ್ದಿ ಹೊಸ ಪಾಸ್‌ಬುಕ್ ಕೊಟ್ಟರು, ಆದರೂ ಪಿಂಚಣಿ ಬರಲಿಲ್ಲ ಎನ್ನುವವರು ಬಹಳ. ಇದಕ್ಕೆ ಕಾರಣ ಬ್ಯಾಂಕಿನ ಗಣಕದೊಳಗಿದೆ. ಅಲ್ಲಿ ಒಬ್ಬ ಗ್ರಾಹಕರಿಗೆ ಒಂದು ಗ್ರಾಹಕ ದಾಖಲೆ ಇರುತ್ತದೆ. ಬ್ಯಾಂಕಿನವರು ಇದನ್ನು ಸಿಐಎಫ್ ಅಥವಾ ಕಸ್ಟಮರ್ ಐಡಿ ಎನ್ನುತ್ತಾರೆ. ಹೆಸರು, ಹುಟ್ಟಿದ ದಿನ, ಆಧಾರ್, ವಿಳಾಸ ಎಲ್ಲ ಇರುವುದು ಅದರಲ್ಲಿ. ಆ ದಾಖಲೆಯ ಕೆಳಗೆ ಅವರ ಖಾತೆಗಳಿರುತ್ತವೆ. ಕೆಲವು ಬ್ಯಾಂಕುಗಳ ಗಣಕದಲ್ಲಿ ಪ್ರತಿ ಖಾತೆಗೂ ಮತ್ತೆ ಒಂದು ಹೆಸರು ಬೇರೆಯಾಗಿ ದಾಖಲಾಗಿರುತ್ತದೆ. ಪಾಸ್‌ಬುಕ್‌ನಲ್ಲಿ ಅಚ್ಚಾಗುವ ಹೆಸರನ್ನಷ್ಟೇ ತಿದ್ದಿ ಗ್ರಾಹಕ ದಾಖಲೆಯನ್ನು ಹಾಗೆಯೇ ಬಿಟ್ಟರೆ, ನಮ್ಮ ಕಣ್ಣಿಗೆ ಕೆಲಸ ಮುಗಿದಿರುತ್ತದೆ, ತಾಳೆ ನೋಡುವ ಗಣಕಕ್ಕೆ ಹಳೆಯ ಹೆಸರೇ ಸಿಗುತ್ತದೆ. ಅರ್ಜಿಯಲ್ಲಿ 'ಗ್ರಾಹಕ ದಾಖಲೆಯಲ್ಲೂ ಖಾತೆಯಲ್ಲೂ' ಎಂದು ಬರೆಯುವುದು ಇದೇ ಕಾರಣಕ್ಕೆ.

ಇನ್ನೊಂದು ಸಂಗತಿ. ಹೆಸರಿನ ತಿದ್ದುಪಡಿಯನ್ನು ಒಬ್ಬರು ನಮೂದಿಸಿದರೆ ಇನ್ನೊಬ್ಬ ಅಧಿಕಾರಿ ಗಣಕದಲ್ಲಿ ಒಪ್ಪಿಗೆ ಕೊಡಬೇಕು. ಆ ಎರಡನೆಯ ಒಪ್ಪಿಗೆ ಬಾಕಿ ಉಳಿದರೆ "ಮಾಡಿದ್ದೇವಲ್ಲಮ್ಮ" ಎನ್ನುತ್ತಾರೆ, ಆದರೆ ಆಗಿರುವುದಿಲ್ಲ. ಕೆಲವು ದಿನ ಬಿಟ್ಟು ಹೋದಾಗ "ಮೇಡಂ, ನನ್ನ ಕಸ್ಟಮರ್ ಐಡಿಯಲ್ಲಿ ಈಗ ಏನು ಹೆಸರು ತೋರಿಸುತ್ತದೆ, ಓದಿ ಹೇಳಿ" ಎಂದು ಕೇಳುವುದೇ ಖಚಿತ ಪರೀಕ್ಷೆ.

ಮೂರನೆಯದು ಎಲ್ಲಕ್ಕಿಂತ ಹೆಚ್ಚು ಜನರನ್ನು ಕಾಡುವುದು. ಖಾತೆಗೆ ಆಧಾರ್ ಸೇರಿಸುವುದು ಒಂದು, ನೇರ ಹಣ ವರ್ಗಾವಣೆಗಾಗಿ ಎನ್‌ಪಿಸಿಐ ಪಟ್ಟಿಯಲ್ಲಿ ಜೋಡಿಸುವುದು ಇನ್ನೊಂದು. ಮೊದಲನೆಯದು ಬ್ಯಾಂಕಿನ ಒಳಗಿನ ಗುರುತಿನ ಕೆಲಸ. ಅದಾದ ಮಾತ್ರಕ್ಕೆ ಎರಡನೆಯದು ತಾನಾಗಿ ಆಗುವುದಿಲ್ಲ. ಅದಕ್ಕೆ ಖಾತೆದಾರರ ಒಪ್ಪಿಗೆ ಬೇಕು, ಬ್ಯಾಂಕಿನಲ್ಲಿ ಅದಕ್ಕೆಂದೇ ಒಪ್ಪಿಗೆ ನಮೂನೆ ಇರುತ್ತದೆ. "ನಿಮ್ಮ ಆಧಾರ್ ಲಿಂಕ್ ಆಗಿದೆ" ಎಂದು ಬ್ಯಾಂಕು ಹೇಳಿಯೂ ನಾಡಕಚೇರಿಯಲ್ಲಿ "ಆಗಿಲ್ಲ" ಎಂದು ತೋರಿಸಿದರೆ, ಇಬ್ಬರೂ ಬೇರೆ ಬೇರೆ ಜೋಡಣೆಯ ಬಗ್ಗೆ ಮಾತನಾಡುತ್ತಿದ್ದಾರೆ ಎಂದೇ ಅರ್ಥ. ಹೆಸರು ತಿದ್ದಿದ ದಿನವೇ ಆ ನಮೂನೆಯನ್ನೂ ತುಂಬಿ ಕೊಡಿ. ಆಮೇಲೆ ಮೊದಲು ಹೇಳಿದ Bank Seeding Status ನೋಡಿ ಈ ಬ್ಯಾಂಕಿನ ಹೆಸರು ಚಾಲ್ತಿಯಲ್ಲಿದೆ ಎಂದು ಖಾತ್ರಿ ಮಾಡಿಕೊಳ್ಳಿ.

ಬ್ಯಾಂಕು ಕೆಲಸ ಮಾಡದಿದ್ದರೆ

ಅರ್ಜಿ ಕೊಟ್ಟು ಒಂದೆರಡು ವಾರವಾದರೂ ಏನೂ ಆಗದಿದ್ದರೆ ಬ್ಯಾಂಕಿನ ದೂರು ವಿಭಾಗಕ್ಕೆ ಲಿಖಿತ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ದೂರು ಕೊಟ್ಟ 30 ದಿನದೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. cms.rbi.org.in ತಾಣದಲ್ಲಿ ದೂರು ಸಲ್ಲಿಸಬಹುದು, ಅಂಚೆಯಲ್ಲೂ ಕಳಿಸಬಹುದು. ಮಾಹಿತಿಗೆ 14448 ಸಂಖ್ಯೆಗೆ ಕರೆ ಮಾಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಬ್ಯಾಂಕಿಗೆ ಮೊದಲು ದೂರು ಕೊಡದೆ ನೇರವಾಗಿ ಅಲ್ಲಿಗೆ ಹೋದರೆ ಅದನ್ನು ತೆಗೆದುಕೊಳ್ಳುವುದಿಲ್ಲ. ಸೀಲು ಹಾಕಿಸಿಕೊಂಡ ಅರ್ಜಿಯ ಪ್ರತಿ ಇಲ್ಲಿ ಕೆಲಸಕ್ಕೆ ಬರುತ್ತದೆ.

ಒಂದು ಮಾತನ್ನು ಬ್ಯಾಂಕಿನವರಿಗೂ ಹೇಳಬೇಕು. ವಯಸ್ಸಾದ ಹೆಣ್ಣುಮಗಳೊಬ್ಬರು ಪಾಸ್‌ಬುಕ್ಕೂ ಆಧಾರೂ ಹಿಡಿದು ಬಂದಾಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಹೆಸರಿನ ತಿದ್ದುಪಡಿ, ಎರಡನೆಯ ಒಪ್ಪಿಗೆ, ಎನ್‌ಪಿಸಿಐ ಜೋಡಣೆ ಮೂರನ್ನೂ ಒಂದೇ ಸಲಕ್ಕೆ ಕೈಗೆತ್ತಿಕೊಂಡರೆ ಅವರಿಗೆ ಎಷ್ಟೋ ಬಸ್ ಪ್ರಯಾಣ ಉಳಿಯುತ್ತದೆ. ಒಂದು ದಿನದ ಕೂಲಿ ತಪ್ಪಿದರೂ ತಿಂಗಳ ಪಿಂಚಣಿಯ ದೊಡ್ಡ ಪಾಲು ಅಲ್ಲೇ ಹೋದಂತೆ.

ಬಾಕಿ ತಿಂಗಳುಗಳ ಹಣ

ಜೋಡಣೆ ಸರಿಯಾದ ಮೇಲೆ ಮುಂದಿನ ತಿಂಗಳುಗಳ ಪಿಂಚಣಿ ಬರತೊಡಗುತ್ತದೆ. ಹಣ ಬಂತು ಎಂಬ ಸಮಾಧಾನದಲ್ಲಿ ಬಹುಪಾಲು ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಮಧ್ಯೆ ತಪ್ಪಿದ ತಿಂಗಳುಗಳ ಹಣ ತಾನಾಗಿ ಬರುತ್ತದೆ ಎಂದು ಕಾಯಬಾರದು. ಅದು ಬ್ಯಾಂಕಿನಲ್ಲಿ ಕೂತಿಲ್ಲ, ಪಾವತಿ ಮಾಡುವ ಇಲಾಖೆಯ ಕಡೆಯೇ ಉಳಿದಿದೆ. ಅದನ್ನು ಕೇಳಬೇಕಾದ ಜಾಗವೂ ಬ್ಯಾಂಕಲ್ಲ.

ಇದಕ್ಕೆ ತಹಶೀಲ್ದಾರರ ಹೆಸರಿಗೆ ಬೇರೊಂದು ಅರ್ಜಿ ಬರೆಯಬೇಕು. ಮಂಜೂರಾತಿ ಆದೇಶದ ದಿನಾಂಕ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಪಾವತಿಯಾಗಿಲ್ಲ, ಪಾವತಿ ವಿಫಲವಾಗಲು ನಾಡಕಚೇರಿಯವರು ಬರೆದುಕೊಟ್ಟ ಕಾರಣ, ಹೆಸರು ತಿದ್ದಿಸಿದ ದಿನಾಂಕ, ಇಷ್ಟೂ ಅದರಲ್ಲಿರಲಿ. ಹಳೆಯ ಮತ್ತು ಹೊಸ ಪಾಸ್‌ಬುಕ್‌ಗಳ ಮೊದಲ ಪುಟ, ಆ ಅವಧಿಯಲ್ಲಿ ಜಮೆಯಾಗಿಲ್ಲ ಎಂದು ತೋರಿಸುವ ಖಾತೆ ವಿವರ ಲಗತ್ತಿಸಿ ಸ್ವೀಕೃತಿ ಪಡೆಯಿರಿ. ಕಂದಾಯ ಇಲಾಖೆಯವರು ಹೋಬಳಿ ಮಟ್ಟದಲ್ಲಿ ಪಿಂಚಣಿ ಅದಾಲತ್ ನಡೆಸಿದಾಗ ಈ ಅರ್ಜಿಯ ಪ್ರತಿಯನ್ನು ಅಲ್ಲೂ ಮುಂದಿಡಬಹುದು. ಗೌರಮ್ಮನವರಿಗೆ ಆರು ತಿಂಗಳು ತಪ್ಪಿದ್ದರೆ ಬಾಕಿ 4,800 ರೂಪಾಯಿ. ಆ ಆರು ತಿಂಗಳಲ್ಲಿ ಅವರು ಅರ್ಹರಾಗಿಯೇ ಇದ್ದರು, ಆದೇಶವೂ ಅವರ ಕೈಯಲ್ಲಿತ್ತು. ಹೆಸರು ಸರಿಯಾಯಿತೆಂದು ಈ ಹಣವನ್ನು ಬಿಟ್ಟುಕೊಡುವ ಅಗತ್ಯವಿಲ್ಲ. ಬ್ಯಾಂಕಿನ ಅರ್ಜಿ ಕೊಟ್ಟ ದಿನವೇ ಈ ಎರಡನೆಯ ಅರ್ಜಿಯ ಕರಡನ್ನೂ ಬರೆದಿಟ್ಟುಕೊಂಡು, ಮೊದಲ ಪಿಂಚಣಿ ಜಮೆಯಾದ ವಾರವೇ ತಾಲ್ಲೂಕು ಕಚೇರಿಗೆ ಸಲ್ಲಿಸಿ.